ಪುಟ, ಸಾಲು, ತಪ್ಪು, ಒಪ್ಪು

(ಉಡುಪಿಯಲ್ಲಿ ಮಳೆಗಾಲದ ಒಂದು ಸಂಜೆ, ಗ್ರಂಥಾಲಯವೊಂದರ ಮಹಡಿಯ ಮೇಲೆ ಆಡಿದ ಮಾತುಗಳ ಬರಹ ರೂಪ)

ನನ್ನ ಮಾತಿಗೆ ಮೊದಲು ಸ್ವಾಗತ ಭಾಷಣ ಮಾಡಿದವರು ನನ್ನನ್ನು ‘ಎಂದೂ ತಪ್ಪದ ಮೇಷ್ಟ್ರು’ ಎಂದು ಹೊಗಳಿದರು. ಅವರು ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಲ್ಲ ಎಂಬುದು ಇದರಿಂದ ಖಚಿತವಾಯಿತು. ಇದ್ದಿದ್ದರೆ, ಕಳೆದ ವರ್ಷ ಜುಲೈ 1ರಂದು ಬೆಳಗ್ಗೆ ಒಂಬತ್ತು ಗಂಟೆಯಿಂದ ಸಂಜೆಯ ತನಕ ಅಲ್ಲಿ ನಡೆದದ್ದನ್ನು ನೋಡಿಯೂ ಈ ಮಾತು ಆಡುತ್ತಿರಲಿಲ್ಲ. ಇವತ್ತು ನಾನು ಹೇಳಲು ಬಂದಿರುವುದು ಆ ಒಂದು ದಿನದ ಕಥೆಯನ್ನೇ.

ಜುಲೈ 1 ನಮ್ಮಲ್ಲಿ ಪತ್ರಿಕಾ ದಿನ. 1843ರ ಆ ದಿನ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಬಂತು. ಇದು ಇಲ್ಲಿ ಕುಳಿತ ಎಲ್ಲರಿಗೂ ಗೊತ್ತು. ಅಂದು ಗುಂಪಿನಲ್ಲಿ ಚರ್ಚೆ ಎದ್ದದ್ದು ಬೇರೆ ವಿಷಯಕ್ಕೆ: ಇವತ್ತಿನ ಪತ್ರಿಕೆಗಳ ಭಾಷೆ ಕನ್ನಡವನ್ನು ಕೆಡಿಸುತ್ತಿದೆಯೇ, ಇಲ್ಲವೇ? ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಡಿಸುತ್ತಿದೆ ಎಂದಳು. ಅವಳು ಈಗ ಬ್ಯಾಂಕೊಂದರಲ್ಲಿ ಅಧಿಕಾರಿ. ಕನ್ನಡ ಎಂ.ಎ. ಮಾಡಿದವಳಲ್ಲ, ಆದರೆ ಓದುವ ಹುಚ್ಚು ಬಿಟ್ಟವಳೂ ಅಲ್ಲ. ನಾನು ಪತ್ರಿಕೆಗಳ ಪರ ನಿಂತೆ. ಮೂವತ್ತೆರಡು ವರ್ಷ ತರಗತಿಯಲ್ಲಿ ನಿಂತವನ ಗತ್ತಿನಲ್ಲಿ ಹೀಗೆ ಬರೆದೆ: ‘ಮಂಗಳೂರು ಸಮಾಚಾರವನ್ನು ಆರಂಭಿಸಿದ ಕಿಟೆಲ್ ಅವರೇ ಮುಂದೆ ಕನ್ನಡದ ಮಹಾ ನಿಘಂಟನ್ನು ಮಾಡಿದರು. ಪತ್ರಿಕೆ ನಡೆಸುವಾಗ ಕಿವಿಗೆ ಬಿದ್ದ ಜನರ ಮಾತೇ ಆ ನಿಘಂಟಿನ ಬಂಡವಾಳ. ಪತ್ರಿಕೆ ಭಾಷೆಯನ್ನು ಕೆಡಿಸುವುದಿಲ್ಲ, ಕಟ್ಟುತ್ತದೆ.’

ಸಭೆಯಲ್ಲಿ ಎರಡು ಮೂರು ಮಂದಿ ಈಗಲೇ ನಗುತ್ತಿದ್ದೀರಿ. ಉಳಿದವರು ಸ್ವಲ್ಪ ತಡೆಯಿರಿ.

ಬರೆದದ್ದೇ ತಡ, ಕೈಮುಗಿಯುವ ಚಿತ್ರಗಳು ಸಾಲುಗಟ್ಟಿ ಬಂದವು. ಒಬ್ಬ ಅದನ್ನು ಕಿಟೆಲ್ ಅವರ ಹಾರ ಹಾಕಿದ ಭಾವಚಿತ್ರದ ಕೆಳಗೆ ಸೇರಿಸಿ ತನ್ನ ಕುಟುಂಬದ ಗುಂಪಿಗೂ ಕಳುಹಿಸಿದನಂತೆ. ಎರಡು ಗಂಟೆ ಕಳೆದ ಮೇಲೆ ಅವಳ ಪ್ರಶ್ನೆ ಬಂತು: ‘ಸರ್, ಕಿಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ ಅಲ್ಲವೇ? ಪತ್ರಿಕೆ ಬಂದದ್ದು ಅದಕ್ಕೂ ಹತ್ತು ವರ್ಷ ಮೊದಲು.’

ಆಗ ನನ್ನೊಳಗೆ ಏನಾಯಿತು ಎಂಬುದನ್ನು ಮುಚ್ಚಿಡದೆ ಹೇಳುತ್ತೇನೆ. ತಪ್ಪಿರಬಹುದು ಎಂಬ ಯೋಚನೆ ಮೊದಲು ಬರಲಿಲ್ಲ. ಇವಳಿಗೆ ಇಸವಿ ಗೊಂದಲವಾಗಿದೆ ಎಂದುಕೊಂಡೆ. ಮರುಕ್ಷಣವೇ ಹೊಟ್ಟೆಯಲ್ಲಿ ಏನೋ ಕದಡಿತು. ‘ಮೊಗ್ಲಿಂಗ್’ ಎಂಬ ಹೆಸರು ತಲೆಯ ಹಿಂದಿನ ಕೋಣೆಯಿಂದ ಇಣುಕಿ ನೋಡಿತು. ನನಗೆ ಗೊತ್ತಿರದ ಹೆಸರೇನೂ ಅಲ್ಲ, ಎಷ್ಟೋ ಸಲ ಪಾಠ ಮಾಡಿದ್ದೇನೆ. ಆದರೂ ನನ್ನ ಬೆರಳು ಬರೆದು ಕಳುಹಿಸಿದ್ದು ಇದನ್ನು: ‘ಕಿಟೆಲ್ ಎಂದರೆ ಇಲ್ಲಿ ಬಾಸೆಲ್ ಮಿಷನ್ ಎಂಬ ವಿಶಾಲ ಅರ್ಥದಲ್ಲಿ ತೆಗೆದುಕೊಳ್ಳಬೇಕು.’

ಅವಳು ಒಂದೇ ಸಾಲು ಬರೆದಳು: ‘ಹಾಗಾದರೆ ಸರ್, ನಿಘಂಟನ್ನು ಮೊಗ್ಲಿಂಗ್ ಬರೆದರು ಎಂದರೂ ನಡೆಯುತ್ತದೆಯೇ?’

ನಾನು ಮೊಬೈಲನ್ನು ಮಗುಚಿ ಹಾಕಿ ಅಡುಗೆಮನೆಗೆ ಹೋಗಿ ಚಹಾ ಮಾಡಿಕೊಂಡೆ.

ವಾದದ ನಡುವೆ ತಪ್ಪು ಬಯಲಾದಾಗ ನಾವು ಸುಳ್ಳು ಹೇಳುವುದು ಕಡಿಮೆ. ಹೇಳಿದ ಮಾತಿನ ಅರ್ಥವನ್ನೇ ಹಿಗ್ಗಿಸಿ, ತಪ್ಪು ಅದರೊಳಗೆ ಹಿಡಿಯುವ ಹಾಗೆ ಮಾಡುವುದು ಹೆಚ್ಚು. ಅದು ಸುಳ್ಳಿನಂತೆ ಕಾಣುವುದಿಲ್ಲ, ಪಾಂಡಿತ್ಯದಂತೆ ಕಾಣುತ್ತದೆ. ಆದ್ದರಿಂದಲೇ ಓದಿದವರಿಗೆ ಈ ಚಾಳಿ ಜಾಸ್ತಿ. ಇದನ್ನು ಪತ್ತೆ ಮಾಡುವ ಉಪಾಯವನ್ನು ಅವಳೇ ತೋರಿಸಿದ್ದಳು: ಹಿಗ್ಗಿಸಿದ ಅರ್ಥವನ್ನು ತಿರುಗಿಸಿ ಹಾಕಿ ನೋಡುವುದು. ಕಿಟೆಲ್ ಎಂದರೆ ಮಿಷನ್ ಎಂದಾದರೆ ಮೊಗ್ಲಿಂಗ್ ಎಂದರೂ ಮಿಷನ್ನೇ. ಹಾಗೆ ತಿರುಗಿಸಿದಾಗ ನಗು ಬಂದರೆ, ಆ ಅರ್ಥ ಮೊದಲು ನಮ್ಮ ಮನಸ್ಸಿನಲ್ಲಿ ಇರಲೇ ಇಲ್ಲ, ಆಮೇಲೆ ಹೊಲಿದದ್ದು ಎಂದೇ ಲೆಕ್ಕ.

ಚಹಾ ಕುಡಿದು ಕಪಾಟಿನಿಂದ ಪುಸ್ತಕ ತೆಗೆದೆ. ಅಂತರ್ಜಾಲದಲ್ಲಿ ಹುಡುಕಬಹುದಿತ್ತು. ಆದರೆ ಹಾರ ಹಾಕಿದ ಕಿಟೆಲ್ ಭಾವಚಿತ್ರಗಳು ಹುಟ್ಟುವುದೂ ಅಲ್ಲಿಯೇ. ಒಂದು ಪುಟದಿಂದ ಇನ್ನೊಂದು ಪುಟ ನಕಲು ಮಾಡಿರುತ್ತದೆ, ನಮಗೆ ಎರಡು ಸಾಕ್ಷಿ ಸಿಕ್ಕಿತೆಂಬ ಭ್ರಮೆಯಾಗುತ್ತದೆ. ನಾನು ಬೇರೆ ಬೇರೆ ದಾರಿಯಿಂದ ಬಂದ ಎರಡು ಸಂಗತಿಗಳನ್ನು ಹುಡುಕಿದೆ: ಪತ್ರಿಕೆಯ ಇಸವಿ ಒಂದು, ಕಿಟೆಲ್ ಹುಟ್ಟಿದ ಇಸವಿ ಇನ್ನೊಂದು. ಫರ್ಡಿನಾಂಡ್ ಕಿಟೆಲ್ ಜರ್ಮನಿಯಲ್ಲಿ ಹುಟ್ಟಿದ್ದು 1832ರ ಏಪ್ರಿಲ್ 7ರಂದು. ಬೆರಳು ಮಡಚಿ ಎಣಿಸಿದೆ. ‘ಮಂಗಳೂರು ಸಮಾಚಾರ’ದ ಮೊದಲ ಸಂಚಿಕೆ ಬಂದ ದಿನ ಅವರಿಗೆ ಹನ್ನೊಂದು ವರ್ಷ. ಜರ್ಮನಿಯ ಯಾವುದೋ ಶಾಲೆಯ ಬೆಂಚಿನ ಮೇಲೆ ಕುಳಿತಿದ್ದ ಹುಡುಗನನ್ನು ನಾನು ಎಳೆದು ತಂದು ಮಂಗಳೂರಿನಲ್ಲಿ ಸಂಪಾದಕನನ್ನಾಗಿ ಮಾಡಿದ್ದೆ.

ಪತ್ರಿಕೆಯನ್ನು ಹೊರಡಿಸಿದವರು ಹರ್ಮನ್ ಮೊಗ್ಲಿಂಗ್. 1811ರಲ್ಲಿ ಹುಟ್ಟಿದವರು, 1836ರಲ್ಲಿ ಭಾರತಕ್ಕೆ ಬಂದವರು. ಲೆಕ್ಕ ಸರಿಹೋಯಿತು.

ನಾನು ಮತ್ತೆ ಮೊಬೈಲ್ ಹಿಡಿಯುವಾಗ ಮಧ್ಯಾಹ್ನ ಹನ್ನೆರಡು ದಾಟಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಸಂದೇಶವನ್ನು ತಿದ್ದಲು ಹದಿನೈದು ನಿಮಿಷ ಅವಕಾಶ. ಅದು ಎಂದೋ ಮುಗಿದಿತ್ತು. ಎಲ್ಲರ ಮೊಬೈಲಿನಿಂದಲೂ ಅಳಿಸಿಹಾಕುವ ಅವಕಾಶ ಮಾತ್ರ ಎರಡು ದಿನಕ್ಕಿಂತ ಹೆಚ್ಚು ಕಾಲ ಇರುತ್ತದೆ. ಬೆರಳು ಅತ್ತ ಹೋಯಿತು. ಆದರೆ ನನ್ನ ಸಂದೇಶ ಮಾಯವಾದರೆ ಅವಳ ಪ್ರಶ್ನೆ ಒಂಟಿಯಾಗಿ ಉಳಿಯುತ್ತದೆ. ಆಮೇಲೆ ಗುಂಪಿಗೆ ಬಂದು ನೋಡಿದವರಿಗೆ ಅವಳು ಗಾಳಿಯೊಂದಿಗೆ ಜಗಳವಾಡಿದ ಹಾಗೆ ಕಾಣುತ್ತದೆ. ಸರಿ ಹೇಳಿದವಳು ಹುಚ್ಚಿಯಾಗಿ, ತಪ್ಪು ಹೇಳಿದವನು ಮೌನಿಯಾಗಿ ಕಾಣುವ ವ್ಯವಸ್ಥೆ ಅದು. ವಿಕಿಪೀಡಿಯದ ಚರ್ಚಾಪುಟಗಳಲ್ಲಿ ಕೆಲಸ ಮಾಡುವವರಿಗೆ ಇದು ಗೊತ್ತಿರುತ್ತದೆ. ಯಾರಾದರೂ ಉತ್ತರ ಕೊಟ್ಟ ಮೇಲೆ ತಮ್ಮ ಮಾತನ್ನು ಅಳಿಸಬಾರದು, ಅದರ ಮೇಲೆ ಗೆರೆ ಎಳೆದು ಓದಲು ಬರುವಂತೆ ಉಳಿಸಬೇಕು ಎಂಬ ರೂಢಿ ಅಲ್ಲಿದೆ.

ಅಷ್ಟರಲ್ಲಿ ನನಗೆ ಹಳೆಯ ಪುಸ್ತಕಗಳ ಒಂದು ಹಾಳೆ ನೆನಪಾಯಿತು. ಅಚ್ಚಿನ ಮೊಳೆ ಜೋಡಿಸಿ ಮುದ್ರಿಸುತ್ತಿದ್ದ ಕಾಲದ ಕನ್ನಡ ಪುಸ್ತಕಗಳಲ್ಲಿ ಮೊದಲಲ್ಲೋ ಕೊನೆಯಲ್ಲೋ ತಪ್ಪೊಪ್ಪುಗಳ ಪಟ್ಟಿ ಇರುತ್ತಿತ್ತು. ನಾಲ್ಕು ಕಂಬಸಾಲು: ಪುಟ, ಸಾಲು, ತಪ್ಪು, ಒಪ್ಪು. ಇಲ್ಲಿ ‘ಒಪ್ಪು’ ಎಂದರೆ ಒಪ್ಪಿಕೊಳ್ಳುವುದಲ್ಲ, ಸರಿಯಾದದ್ದು ಎಂದರ್ಥ. ನಾವು ಇಂಥ ಸಂದರ್ಭದಲ್ಲಿ ಮಾಡಲು ಹೋಗುವುದು ತಪ್ಪೊಪ್ಪಿಗೆ, ಅಂದರೆ ಪೊಲೀಸರ ಮುಂದೆಯೋ ದೇವರ ಮುಂದೆಯೋ ಮಾಡುವಂಥದ್ದು. ಅದರಲ್ಲಿ ಮಾಡಿದವನೇ ಮುಖ್ಯ: ಅವನ ನಾಚಿಕೆ, ಅವನ ದೊಡ್ಡತನ. ಆ ಪಟ್ಟಿಯಲ್ಲಿ ಲೇಖಕನ ಸುಳಿವೇ ಇಲ್ಲ. ಪುಟ 46, ಸಾಲು 12, ಇದು ತಪ್ಪು, ಇದು ಒಪ್ಪು. ಪೆನ್ಸಿಲ್ ತೆಗೆದುಕೊಂಡು ತಿದ್ದಿಕೊಳ್ಳಿ. ನನಗೆ ಬೇಕಾಗಿದ್ದದ್ದು ಅದು.

ಹಾಗಾಗಿ ನನ್ನ ಬೆಳಗಿನ ಸಂದೇಶವನ್ನೇ ಉಲ್ಲೇಖಿಸಿ, ಅದಕ್ಕೆ ಉತ್ತರವಾಗಿ ಬರೆದೆ. ಮೊಬೈಲಿನಲ್ಲಿ ಇನ್ನೂ ಇದೆ, ಓದುತ್ತೇನೆ:

‘ತಿದ್ದುಪಡಿ. ಮಂಗಳೂರು ಸಮಾಚಾರವನ್ನು ಆರಂಭಿಸಿದವರು ಕಿಟೆಲ್ ಎಂದು ನಾನು ಜುಲೈ 1ರ ಬೆಳಗ್ಗೆ ಬರೆದದ್ದು ತಪ್ಪು. 1843ರಲ್ಲಿ ಅದನ್ನು ಹೊರಡಿಸಿದವರು ಹರ್ಮನ್ ಮೊಗ್ಲಿಂಗ್. ಕಿಟೆಲ್‌ಗೆ ಆಗ ಹನ್ನೊಂದು ವರ್ಷ. ಅವರು ಭಾರತಕ್ಕೆ ಬಂದದ್ದು 1853ರಲ್ಲಿ, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಇಬ್ಬರೂ ಬಾಸೆಲ್ ಮಿಷನ್ನಿನವರಾದ್ದರಿಂದ ನನ್ನ ತಲೆಯಲ್ಲಿ ಬೆರೆತುಹೋಗಿತ್ತು. ವಿಶಾಲ ಅರ್ಥ ಎಂದು ಆಮೇಲೆ ಬರೆದದ್ದು ಬರೀ ನೆಪ.’ ಕೊನೆಗೆ, ತೋರಿಸಿಕೊಟ್ಟವಳ ಹೆಸರು.

ಇದರಲ್ಲಿ ಮೂರು ಕಡೆ ನಾನು ಯೋಚಿಸಿ ಬರೆದಿದ್ದೇನೆ.

‘ಮೇಲಿನದು ತಪ್ಪು’ ಎಂದು ಬರೆದಿದ್ದರೆ ನಮ್ಮ ಗುಂಪಿನಲ್ಲಿ ಅರ್ಥವಾಗುತ್ತಿತ್ತು, ಹೊರಗೆ ಆಗುತ್ತಿರಲಿಲ್ಲ. ನನ್ನ ತಪ್ಪು ಆಗಲೇ ಇನ್ನೊಂದು ಗುಂಪಿಗೆ ಬಸ್ಸು ಹತ್ತಿ ಹೋಗಿತ್ತು. ತಿದ್ದುಪಡಿಯೂ ಅದರ ಬೆನ್ನು ಹತ್ತಿ ಹೋಗಬೇಕಾದರೆ ತನ್ನ ಪುಟ, ಸಾಲನ್ನು ತಾನೇ ಹೊತ್ತುಕೊಂಡಿರಬೇಕು. ‘ಇವತ್ತು’ ಎಂದು ಬರೆಯದೆ ತಾರೀಕು ಹಾಕಿದ್ದೂ ಅದಕ್ಕೇ. ಮೂಲ ಸಂದೇಶವನ್ನು ನಾವು ತಿದ್ದಿದರೂ ಅಳಿಸಿದರೂ, ಬೇರೆಡೆ ರವಾನೆಯಾದ ಪ್ರತಿ ಹಾಗೆಯೇ ಇರುತ್ತದೆ. ಇದು ಬಹಳ ಮಂದಿಗೆ ಗೊತ್ತಿಲ್ಲ.

ಎರಡನೆಯದು ಮೊಗ್ಲಿಂಗ್ ಹೆಸರು. ‘ಕಿಟೆಲ್ ಅಲ್ಲ’ ಎಂದಷ್ಟೇ ಹೇಳಿದರೆ ಓದಿದವರ ತಲೆಯಲ್ಲಿ ಕಿಟೆಲ್ ಅವರೇ ಉಳಿಯುತ್ತಾರೆ. ಇದು ನನ್ನ ಊಹೆಯಲ್ಲ. ಜಾನ್ಸನ್ ಮತ್ತು ಸೈಫರ್ಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1994ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಗೋದಾಮಿಗೆ ಬೆಂಕಿ ಬಿದ್ದ ಸುದ್ದಿಯನ್ನು ಜನರಿಗೆ ತುಣುಕು ತುಣುಕಾಗಿ ಓದಲು ಕೊಟ್ಟರು. ಒಂದು ತುಣುಕಿನಲ್ಲಿ, ಪಕ್ಕದ ಸಣ್ಣ ಕೋಣೆಯಲ್ಲಿ ಎಣ್ಣೆ ಬಣ್ಣದ ಡಬ್ಬಿಗಳೂ ಗ್ಯಾಸ್ ಸಿಲಿಂಡರುಗಳೂ ಇದ್ದವು ಎಂದಿತ್ತು. ಸ್ವಲ್ಪ ಹೊತ್ತಿನ ಮೇಲೆ ಬಂದ ತುಣುಕಿನಲ್ಲಿ, ಅದು ತಪ್ಪು ಮಾಹಿತಿ, ಆ ಕೋಣೆ ಖಾಲಿ ಇತ್ತು ಎಂದಿತ್ತು. ಕೋಣೆ ಖಾಲಿ ಎಂಬುದನ್ನು ಓದಿ ನೆನಪಿಟ್ಟವರೂ, ಅಷ್ಟು ಹೊಗೆ ಏಕೆ ಎದ್ದಿತು ಎಂದು ಕೇಳಿದರೆ ಬಣ್ಣದ ಡಬ್ಬಿಯನ್ನೇ ಹೇಳುತ್ತಿದ್ದರು. ಯಾರೋ ಬೇಕೆಂದೇ ಬೆಂಕಿ ಹಚ್ಚಿದ ಕುರುಹು ಸಿಕ್ಕಿದೆ ಎಂದು ಬೇರೆ ಕಾರಣ ಕೊಟ್ಟಾಗ ಮಾತ್ರ ಡಬ್ಬಿಗಳ ಮಾತು ಇಳಿಯಿತು. ಮನಸ್ಸು ತೆರವಾದ ಜಾಗವನ್ನು ತೆರವಾಗಿ ಬಿಡುವುದಿಲ್ಲ. ಇನ್ನೊಬ್ಬರನ್ನು ಕೂರಿಸದಿದ್ದರೆ ಹಳೆಯ ಬಾಡಿಗೆದಾರನೇ ವಾಪಸು ಬರುತ್ತಾನೆ. ಹನ್ನೊಂದು ವರ್ಷದ ಹುಡುಗನ ವಿಷಯ ಸೇರಿಸಿದ್ದೂ ಅದಕ್ಕೇ. ಇಸವಿ ಮರೆತವರಿಗೂ ಆ ಹುಡುಗ ಮರೆತುಹೋಗುವುದಿಲ್ಲ.

ಮೂರನೆಯದು, ನಾನು ಬರೆಯದೆ ಬಿಟ್ಟದ್ದು. ಅವಳು ಮಧ್ಯದಲ್ಲಿ ಒಂದು ಕಡೆ, ಮಂಗಳೂರು ಸಮಾಚಾರವನ್ನು ಅಚ್ಚಿನ ಮೊಳೆ ಜೋಡಿಸಿ ಮುದ್ರಿಸಿದ್ದರು ಎಂದಿದ್ದಳು. ಅದು ಕಲ್ಲಚ್ಚಿನ ಪತ್ರಿಕೆ. ಕಲ್ಲಿನ ಮೇಲೆ ಅಕ್ಷರ ಮೂಡಿಸಿ ಅದರಿಂದ ಅಚ್ಚು ತೆಗೆದದ್ದು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ತಿದ್ದುಪಡಿಯ ಬಾಲಕ್ಕೆ ‘ಅಂದ ಹಾಗೆ, ಮೊಳೆಯಲ್ಲ, ಕಲ್ಲಚ್ಚು’ ಎಂದು ಸೇರಿಸಲು ಕೈ ಎಷ್ಟು ತುರಿಸಿತು ಎಂದರೆ, ಒಮ್ಮೆ ಬರೆದು ಅಳಿಸಿದೆ. ಮಾತು ನಿಜವೇ. ಆದರೆ ಅದೇ ಉಸಿರಿನಲ್ಲಿ ಹೇಳಿದರೆ ಓದುವವರು ಲೆಕ್ಕ ಹಾಕುವುದು ‘ಒಂದಕ್ಕೆ ಒಂದು, ಸಮಸಮ’ ಎಂದು. ಮರುದಿನ ಅವಳಿಗೆ ಪ್ರತ್ಯೇಕವಾಗಿ ಬರೆದೆ. ‘ಓ ಹೌದಾ ಸರ್’ ಎಂದು ಉತ್ತರಿಸಿ, ಐದು ನಿಮಿಷದಲ್ಲಿ ತಾನೇ ಗುಂಪಿನಲ್ಲಿ ತಿದ್ದಿಕೊಂಡಳು. ನನಗೆ ಚಹಾ ಬೇಕಾಗಿತ್ತು, ಅವಳಿಗೆ ಅದೂ ಬೇಕಾಗಲಿಲ್ಲ.

ಇಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ. ಮೊಬೈಲ್ ತುಂಬ ‘ಎಂಥ ದೊಡ್ಡ ಗುಣ ಸರ್’, ‘ಇದು ನಿಜವಾದ ಗುರುಗಳ ಲಕ್ಷಣ’ ಎಂಬ ಸಂದೇಶಗಳು. ಸುಳ್ಳೇಕೆ ಹೇಳಲಿ, ಸುಖವಾಯಿತು. ಬೆಳಗ್ಗೆ ತಪ್ಪು ಬರೆದಾಗ ಬಂದದ್ದಕ್ಕಿಂತ ಹೆಚ್ಚು ಕೈಮುಗಿಯುವ ಚಿತ್ರಗಳು ಬಂದವು. ಮೊಗ್ಲಿಂಗ್ ಯಾರು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಒಬ್ಬ ಕಿಡಿಗೇಡಿ ‘ಮೇಷ್ಟ್ರು ಔಟ್’ ಎಂದು ಬರೆದ. ಅವನಿಗೆ ಉತ್ತರಿಸುವ ಅಗತ್ಯ ಇರಲಿಲ್ಲ, ಔಟಾದದ್ದು ಹೌದು.

ಸಂಜೆ ಐದು ಗಂಟೆಗೆ ಅವಳಿಂದ ಮತ್ತೊಂದು ಸಾಲು ಬಂತು: ‘ಸರ್, ಹಾಗಾದರೆ ನಿಮ್ಮ ವಾದ?’

ಈ ಪ್ರಶ್ನೆ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿತು. ಹೆಸರು ಬದಲಿಸುವುದು ಸುಲಭ. ಬೆಳಗ್ಗೆ ನಾನು ಹೇಳಿದ್ದರ ಮುಖ್ಯ ಭಾಗ ಹೆಸರಾಗಿರಲಿಲ್ಲ. ಪತ್ರಿಕೆ ನಡೆಸಿದವರೇ ನಿಘಂಟು ಮಾಡಿದರು, ಆದ್ದರಿಂದ ಪತ್ರಿಕೆ ಭಾಷೆಯನ್ನು ಕಟ್ಟುತ್ತದೆ ಎಂಬ ‘ಆದ್ದರಿಂದ’ ಮುಖ್ಯವಾಗಿತ್ತು. ಕಂಬ ಕಿತ್ತ ಮೇಲೂ ಚಪ್ಪರ ನಿಂತಿದೆ ಎಂದು ನಟಿಸುತ್ತಾ ನಾನು ನಾಲ್ಕು ಗಂಟೆ ಕಾಲ ಹೊಗಳಿಕೆ ಸ್ವೀಕರಿಸುತ್ತಿದ್ದೆ. ಗುಂಪುಗಳಲ್ಲಿ ನಾನು ನೋಡಿದ ತಿದ್ದುಪಡಿಗಳಲ್ಲಿ ಹೆಚ್ಚಿನವು ಇಲ್ಲಿಗೇ ನಿಲ್ಲುತ್ತವೆ: ಅಂಕಿ ತಪ್ಪು, ಆದರೆ ವಿಷಯ ಸರಿ. ಕೆಲವೊಮ್ಮೆ ಹಾಗಿರುವುದೂ ಉಂಟು. ಅದನ್ನು ತಿಳಿಯಲು, ಬೆಳಗಿನ ನನ್ನ ಸಂದೇಶದಲ್ಲಿ ಕಿಟೆಲ್ ಇದ್ದಲ್ಲಿ ಮೊಗ್ಲಿಂಗ್ ಎಂದು ಹಾಕಿ ಓದಿದೆ. ‘ಮಂಗಳೂರು ಸಮಾಚಾರವನ್ನು ಆರಂಭಿಸಿದ ಮೊಗ್ಲಿಂಗ್ ಅವರೇ ಮುಂದೆ ಕನ್ನಡದ ಮಹಾ ನಿಘಂಟನ್ನು...’ ವಾಕ್ಯ ಅಲ್ಲಿಯೇ ಮುರಿಯಿತು.

ಉಳಿದದ್ದು ಏನು ಎಂದು ನೋಡಿದೆ. ಕಿಟೆಲ್ ನಿಘಂಟಿನಲ್ಲಿ ಹಳೆಗನ್ನಡ ಕಾವ್ಯಗಳ ಪದಗಳ ಜೊತೆಗೆ ಆಡುಮಾತಿನ ಪದಗಳೂ ಗಾದೆಗಳೂ ಧಾರಾಳವಾಗಿವೆ. ಆ ಮಾತು ನಿಲ್ಲುತ್ತದೆ. ಅವು ಪತ್ರಿಕೆಯ ಕೆಲಸದಿಂದ ಬಂದವು ಎಂಬ ಕಾರಣ ಬಿದ್ದುಹೋಯಿತು. ಇವತ್ತಿನ ಪತ್ರಿಕೆಗಳು ಭಾಷೆಯನ್ನು ಕಟ್ಟುತ್ತಿವೆಯೋ ಕೆಡಿಸುತ್ತಿವೆಯೋ ಎಂಬುದಕ್ಕೆ ನನ್ನ ಕೈಯಲ್ಲಿ ಆಧಾರವೇ ಇಲ್ಲ. ಇದನ್ನೇ ಬರೆದೆ. ‘ನನ್ನ ಅಭಿಪ್ರಾಯ ಈಗಲೂ ಹಿಂದಿನದೇ, ಆದರೆ ಇವತ್ತಿನ ಮಟ್ಟಿಗೆ ಅದಕ್ಕೆ ನಾನು ಕೊಟ್ಟ ಆಧಾರ ಉಳಿದಿಲ್ಲ’ ಎಂದು ಸೇರಿಸಿದೆ. ಇದಕ್ಕೆ ಬಂದ ಕೈಮುಗಿಯುವ ಚಿತ್ರಗಳು ಎರಡು.

ಒಬ್ಬರು ಇದೇ ಸಂದು ನೋಡಿ ನುಗ್ಗಿದರು: ಮೇಷ್ಟ್ರು ಇನ್ನೊಂದನ್ನೂ ಒಪ್ಪಿಕೊಳ್ಳಲಿ, ನಿಘಂಟು ಅಚ್ಚಾದದ್ದು ಬೆಂಗಳೂರಿನಲ್ಲಿ, ಪ್ರತಿಮೆಯೂ ಅಲ್ಲಿಯೇ ಇದೆಯಲ್ಲ ಎಂದು. ಪ್ರತಿಮೆ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿದೆ, ನಿಜ. ನಿಘಂಟು ಪ್ರಕಟವಾದದ್ದು ಮಂಗಳೂರಿನ ಬಾಸೆಲ್ ಮಿಷನ್ನಿನಿಂದ. ಮುಖಪುಟದ ಒಳಗಿನ ಹಾಳೆಯ ಚಿತ್ರ ತೆಗೆದು ಹಾಕಿದೆ. ಒಂದು ತಪ್ಪು ಒಪ್ಪಿದ ದಿನ ಉಳಿದದ್ದನ್ನೂ ಬಿಟ್ಟುಕೊಡುವ ಒಂದು ಬಗೆಯ ಮೆದುತನ ಬರುತ್ತದೆ, ಸಾಕು ಮಾರಾಯರೇ ಎಂಬಂತೆ. ಹಾಗೆ ಬಿಟ್ಟಿದ್ದರೆ ಗುಂಪಿನಲ್ಲಿ ಒಂದು ತಪ್ಪು ಹೋಗಿ ಇನ್ನೊಂದು ಬಂದು ಕೂರುತ್ತಿತ್ತು.

ನಮ್ಮ ಊರಿನವರಿಗೆ ಇದೆಲ್ಲ ಹೊಸದಾಗಿರಬಾರದು. ತಾಳಮದ್ದಳೆ ಕೇಳಿ ಬೆಳೆದವರು ನಾವು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಅರ್ಥಧಾರಿಗಳ ಮಾತು, ಅಷ್ಟೇ. ಹುಡುಗನಾಗಿದ್ದಾಗ ಕೇಳಿದ ಒಂದು ಕೂಟದಲ್ಲಿ ಅರ್ಜುನನ ಅರ್ಥ ಹೇಳುತ್ತಿದ್ದವರು ಮಾತಿನ ಭರದಲ್ಲಿ ಅಭಿಮನ್ಯುವನ್ನು ‘ದ್ರೌಪದಿಯ ಮಗ’ ಎಂದುಬಿಟ್ಟರು. ಎದುರಿಗೆ ಕುಳಿತ ಕೃಷ್ಣ ಮೆಲ್ಲಗೆ ಕೇಳಿದ: ‘ಅರ್ಜುನಾ, ನನ್ನ ತಂಗಿಯನ್ನು ಇಷ್ಟು ಬೇಗ ಮರೆತೆಯಾ?’ ಸಭೆ ಗೊಳ್ಳೆಂದಿತು. ಅರ್ಜುನ ತಡವರಿಸಲಿಲ್ಲ. ‘ಮಗನನ್ನು ಕಳೆದುಕೊಂಡವನ ನಾಲಿಗೆ, ಭಾವಾ. ಅಭಿಮನ್ಯು ಸುಭದ್ರೆಯ ಮಗ’ ಎಂದು ಹೇಳಿ ಮುಂದಿನ ಮಾತಿಗೆ ಹೋದರು. ದ್ರೌಪದಿಯನ್ನು ವಿಶಾಲ ಅರ್ಥದಲ್ಲಿ ತೆಗೆದುಕೊಳ್ಳಿ ಎಂದು ಅವರು ಹೇಳಲಿಲ್ಲ. ಸುಭದ್ರೆಯ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಿದರು. ಆದರೆ ಅವರಿಗೊಂದು ಅನುಕೂಲವಿತ್ತು. ಅವರ ತಪ್ಪು ಆ ರಾತ್ರಿಯ ಗಾಳಿಗೆ ಹೋಯಿತು. ನನ್ನದು ಹೋಗಲಿಲ್ಲ.

ಈ ವರ್ಷ ಜುಲೈ 1ರಂದು, ಬೆಳಗ್ಗೆ ಆರೂವರೆಗೆ, ಮುಂಬಯಿಯಲ್ಲಿರುವ ನನ್ನ ಅಕ್ಕನ ಗಂಡ ನನಗೊಂದು ಸಂದೇಶ ಕಳುಹಿಸಿದರು. ಹಾರ ಹಾಕಿದ ಕಿಟೆಲ್, ಕೆಳಗೆ ನನ್ನದೇ ಮೂರು ವಾಕ್ಯ, ನನ್ನ ಹೆಸರಿಲ್ಲ, ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಎರಡು ಬಾಣದ ಗುರುತು. ನಾನು ಕಳೆದ ವರ್ಷದ ತಿದ್ದುಪಡಿಯನ್ನು ಹುಡುಕಿ ತೆಗೆದು ಅವರಿಗೆ ಕಳುಹಿಸಿದೆ. ತಾರೀಕು ಇದ್ದದ್ದರಿಂದ ಒಂದಕ್ಷರವನ್ನೂ ಬದಲಿಸಬೇಕಾಗಲಿಲ್ಲ. ಭಾವ ಒಪ್ಪಲಿಲ್ಲ. ‘ಇದು ಯಾರೋ ದೊಡ್ಡ ಮೇಷ್ಟ್ರು ಬರೆದದ್ದಂತೆ, ಅವರಿಗಿಂತ ನಿನಗೆ ಹೆಚ್ಚು ಗೊತ್ತುಂಟಾ?’ ಎಂದು ಕೇಳಿದರು.

ಆ ಮೇಷ್ಟ್ರು ನಾನೇ ಭಾವ, ಎಂದು ಬರೆದೆ. ನೀಲಿ ಗೆರೆ ಬಂದಿದೆ. ಉತ್ತರ ಇನ್ನೂ ಬಂದಿಲ್ಲ.